ಆಲ್ಡಾಲ್ ಬಾಯಿಪಾಠಕ್ಕೆ ನನ್ನ ಧಿಕ್ಕಾರ

ಮೊನ್ನೆ ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಸೆಕೆಂಡ್ ಪಿಯುಸಿ ಓದ್ತಿರೋ ತಂಗಿ ಮುಖ ಊದಿಸ್ಕೊಂಡು ಕೂತಿದ್ದಳು. ಟೆಸ್ಟ್ ಪೇಪರ್ ತಂದು ಕೈಗಿಟ್ಟು, "ಅಣ್ಣಾ, ಇದು ಯಾಕೆ ತಪ್ಪು, ನೀನೇ ಹೇಳು" ಅಂದಳು.

ಪ್ರಶ್ನೆ ಇಷ್ಟೇ. 10.6 ಗ್ರಾಂ ಬೆಂಜಾಲ್ಡಿಹೈಡ್, 2.9 ಗ್ರಾಂ ಅಸಿಟೋನ್, ನೀರು ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿದ ದುರ್ಬಲ NaOH. ಮುಖ್ಯವಾಗಿ ಏನು ಸಿಗುತ್ತೆ? ಅವಳು ಡೈಬೆಂಜಾಲ್ ಅಸಿಟೋನ್ ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು. ಕೀ ಆನ್ಸರ್ ಪ್ರಕಾರ ಬೆಂಜಾಲ್ ಅಸಿಟೋನ್ ಅಂತೆ. ಯಾಕೆ ಅಂತ ಕೇಳಿದ್ದಕ್ಕೆ, "ಒಂದರಲ್ಲಿ ಆಲ್ಫಾ ಹೈಡ್ರೋಜನ್ ಇಲ್ಲದಿದ್ರೆ ಒಂದೇ ಪ್ರಾಡಕ್ಟು, ಅಷ್ಟು ಬಾಯಿಪಾಠ ಮಾಡ್ಕೋ" ಅಂದರಂತೆ.

ನನಗೆ ಸಿಟ್ಟು ಬಂದಿದ್ದು ಅಲ್ಲೇ. ಆ ಸೂತ್ರ ಸುಳ್ಳು ಅಂತಲ್ಲ. ಅದು ಕಾರಣ ಅಲ್ಲ, ಕೊನೆಗೆ ಬರೋ ತೀರ್ಮಾನ. ಕಾರಣ ಬಿಟ್ಟು ತೀರ್ಮಾನ ಉರು ಹೊಡೆದರೆ ಹೀಗೇ ಆಗೋದು.

ನಡೆಯೋದು ಏನು ಅಂತ ನೋಡಿ. C=O ಪಕ್ಕದ ಕಾರ್ಬನ್ನಿನಿಂದ (ಅದೇ ಆಲ್ಫಾ) ಪ್ರತ್ಯಾಮ್ಲ ಒಂದು ಹೈಡ್ರೋಜನ್ ಕಿತ್ಕೊಳ್ಳುತ್ತೆ. ಅಲ್ಲಿಂದಲೇ ಯಾಕೆ? ಉಳಿಯುವ ಋಣ ವಿದ್ಯುದಂಶವನ್ನು ಪಕ್ಕದ ಆಮ್ಲಜನಕ ಹಂಚಿಕೊಳ್ಳುತ್ತೆ, ಅದಕ್ಕೆ. ಹೀಗೆ ಹುಟ್ಟಿದ ಈನೊಲೇಟ್ ಇನ್ನೊಂದು ಅಣುವಿನ C=O ಕಾರ್ಬನ್ನಿಗೆ ಹೊಡೆಯುತ್ತೆ. ಹೊಸ ಕಾರ್ಬನ್-ಕಾರ್ಬನ್ ಬಂಧ ಬಂತು, ಆಲ್ಡಾಲ್ ಆಯ್ತು. ಆಮೇಲೆ ಇನ್ನೊಂದು ಆಲ್ಫಾ ಹೈಡ್ರೋಜನ್ ಮತ್ತು OH ಸೇರಿ ನೀರಾಗಿ ಹೋದರೆ ಅಲ್ಲೊಂದು ದ್ವಿಬಂಧ.

ಹಾಗಾಗಿ ಕೇಳಬೇಕಾದ್ದು ಎರಡೇ ಪ್ರಶ್ನೆ. ಹೊಡೆಯೋರು ಯಾರು? ಹೊಡೆಸಿಕೊಳ್ಳೋರು ಯಾರು?

ಎಥನಾಲ್ (ಮದ್ಯದ ಎಥನಾಲ್ ಅಲ್ಲ ಮಾರಾಯ್ರೇ, CH3CHO) ಮತ್ತು ಪ್ರೊಪನಾಲ್ (CH3CH2CHO) ಬೆರೆಸಿದರೆ ಇಬ್ಬರೂ ಹೊಡೆಯಬಲ್ಲರು, ಇಬ್ಬರೂ ಹೊಡೆಸಿಕೊಳ್ಳಬಲ್ಲರು. ಎರಡೆರಡ್ಲ ನಾಲ್ಕು. ಎಥನಾಲ್ ಹೊಡೆದರೆ CH3CH=CHCHO ಅಥವಾ CH3CH2CH=CHCHO. ಪ್ರೊಪನಾಲ್ ಹೊಡೆದರೆ CH3CH=C(CH3)CHO ಅಥವಾ CH3CH2CH=C(CH3)CHO. ಪ್ರೊಪನಾಲ್ ಹೊಡೆಯೋದು ನಡುವಿನ CH2 ಇಂದ, ತುದಿಯ CH3 ಇಂದಲ್ಲ. ಅದಕ್ಕೇ ಆ ಮೀಥೈಲ್ ಕೊಂಬೆಯಾಗಿ ನೇತಾಡುತ್ತೆ. ಉರು ಹೊಡೆದ ಹುಡುಗರು ಅಲ್ಲಿ ಉದ್ದನೆ ನೇರ ಸರಪಳಿ ಬರೆದು ಅಂಕ ಕಳ್ಕೊಳ್ತಾರೆ.

ಈಗ ತಂಗಿಯ ಪ್ರಶ್ನೆಗೆ ಬನ್ನಿ. ಬೆಂಜಾಲ್ಡಿಹೈಡ್‌ಗೆ ಆಲ್ಫಾ ಹೈಡ್ರೋಜನ್ ಇಲ್ಲ, ಅದು ಹೊಡೆಯಲಾರದು. ಹೊಡೆಯೋದು ಅಸಿಟೋನ್ ಮಾತ್ರ. ಅದು ಇನ್ನೊಂದು ಅಸಿಟೋನಿಗೇ ಯಾಕೆ ಹೊಡೆಯಲ್ಲ? ಹೊಡೆಯುತ್ತೆ, ಆದ್ರೆ ಕೀಟೋನಿನ C=O ಎರಡೂ ಕಡೆಯಿಂದ ಇಕ್ಕಟ್ಟು, ಆ ಕ್ರಿಯೆ ಬಹುಪಾಲು ಹಿಂದಕ್ಕೇ ಹೋಗುತ್ತೆ. ಬೆಂಜಾಲ್ಡಿಹೈಡ್‌ಗೆ ಹೊಡೆದರೆ ಮಾತ್ರ ನೀರು ಹೋಗಿ ಬರುವ ದ್ವಿಬಂಧ ಒಂದು ಕಡೆ ಬೆಂಜೀನ್ ಉಂಗುರಕ್ಕೆ, ಇನ್ನೊಂದು ಕಡೆ C=O ಗೆ ಜೋಡಿಯಾಗಿ ಗಟ್ಟಿಯಾಗಿ ನಿಲ್ಲುತ್ತೆ. ಇಲ್ಲಿವರೆಗೆ ಸಿಕ್ಕಿದ್ದು ಬೆಂಜಾಲ್ ಅಸಿಟೋನ್. ಕೀ ಆನ್ಸರ್ ಬರೆದೋರು ಇಲ್ಲೇ ಪೆನ್ ಮುಚ್ಚಿಟ್ರು!

ಆದ್ರೆ ಅಸಿಟೋನಿನ ಆಚೆ ಕಡೆಯ CH3 ಇನ್ನೂ ಹಾಗೇ ಇದೆಯಲ್ಲ? ಅದೂ ಹೊಡೆಯಬಲ್ಲದು. ಹೊಡೆಸಿಕೊಳ್ಳೋಕೆ ಯಾರಾದ್ರೂ ಉಳಿದಿದ್ದಾರಾ ಅಂತ ಲೆಕ್ಕ ಹಾಕಬೇಕು. 10.6 ಭಾಗಿಸು 106 ಅಂದರೆ 0.1 ಮೋಲ್ ಬೆಂಜಾಲ್ಡಿಹೈಡ್. 2.9 ಭಾಗಿಸು 58 ಅಂದರೆ 0.05 ಮೋಲ್ ಅಸಿಟೋನ್. ಸರಿಯಾಗಿ ಒಂದಕ್ಕೆ ಎರಡು! ಎರಡೂ ಕಡೆ ಕ್ರಿಯೆ ನಡೆದು ಡೈಬೆಂಜಾಲ್ ಅಸಿಟೋನ್ ಆಗುತ್ತೆ. ಅದು ಆ ದ್ರಾವಣದಲ್ಲಿ ಕರಗದೆ ಹಳದಿ ಹರಳಾಗಿ ಕೆಳಗೆ ಕೂರುತ್ತೆ. ಪೂರ್ತಿ ಆದರೆ 11.7 ಗ್ರಾಂ.

ಹಾಗಾದ್ರೆ ಕೀ ಆನ್ಸರ್ ಯಾವತ್ತೂ ಸರಿಯಾಗಲ್ವಾ? ಆಗುತ್ತೆ, ಅಸಿಟೋನನ್ನ ತುಂಬಾ ಜಾಸ್ತಿ ಹಾಕಿದರೆ. ಆಗ ಒಂದೊಂದು ಬೆಂಜಾಲ್ಡಿಹೈಡ್‌ಗೂ ಹೊಸ ಅಸಿಟೋನೇ ಎದುರಾಗುತ್ತೆ. ಯಾವುದು ಬಂತು ಅಂತ ಅನುಮಾನ ಇದ್ರೆ ಕರಗಿಸಿ ನೋಡಿ: ಬೆಂಜಾಲ್ ಅಸಿಟೋನ್ ಸುಮಾರು 40 ಡಿಗ್ರಿಗೇ ಕರಗುತ್ತೆ, ಡೈಬೆಂಜಾಲ್ ಅಸಿಟೋನ್‌ಗೆ ಸುಮಾರು 110 ಡಿಗ್ರಿ ಬೇಕು.

"ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ ಚಿಲ್ಲರೆ ಸಿಗುತ್ತೆ, ಇಷ್ಟೆಲ್ಲಾ ಯೋಚಿಸೋಕೆ ಪುರುಸೊತ್ತೆಲ್ಲಿ?" ಅಂತೀರಾ? ಎರಡು ಪ್ರಶ್ನೆ, ಒಂದು ಭಾಗಾಕಾರ. ಅರ್ಧ ನಿಮಿಷ ಸಾಕು ಸ್ವಾಮಿ. ನಾನೂ ಆ ವಯಸ್ಸಲ್ಲಿ ಉರು ಹೊಡೆದೇ ಪಾಸಾದವನು, ಈಗ ಕೋಡ್ ಕುಟ್ಟಿ ಹೊಟ್ಟೆ ಹೊರೀತಿದೀನಿ. ಆಫೀಸಲ್ಲಿ ಇನ್‌ಪುಟ್ ನೋಡದೇ ಔಟ್‌ಪುಟ್ ಊಹಿಸಿದರೆ ಉಗೀತಾರೆ. ಇಲ್ಲಿ ಇನ್‌ಪುಟ್ ಲೆಕ್ಕ ಹಾಕಿದ ಹುಡುಗಿಗೇ ಸೊನ್ನೆ!

ತಂಗಿ ನಾಳೆ ಈ ಲೆಕ್ಕ ಹಿಡ್ಕೊಂಡು ಮೇಷ್ಟ್ರ ಹತ್ರ ಹೋಗ್ತಾಳಂತೆ. ಎರಡು ಅಂಕ ವಾಪಸ್ ಬರುತ್ತೋ ಬಿಡುತ್ತೋ ಗೊತ್ತಿಲ್ಲ. ಬರದಿದ್ರೂ ಉತ್ತರ ತಿದ್ದಬೇಡ ಅಂತ ಹೇಳಿ ಬಂದಿದೀನಿ. ಬ್ಲಾಗಿಗರಲ್ಲಿ ಕೆಮಿಸ್ಟ್ರಿ ಮೇಷ್ಟ್ರುಗಳಿದ್ರೆ ದಯವಿಟ್ಟು ಹೇಳಿ, ನಾನು ಹೇಳಿದ್ದರಲ್ಲಿ ತಪ್ಪಿದೆಯಾ?