ಕುರ್ಚಿಗೆ ಕೈ ಹಚ್ಚಬೇಡಿ

ಗಾಲಿಕುರ್ಚಿಯಲ್ಲಿ ಕುಳಿತ ಹೆಣ್ಣುಮಗಳ ಫೋಟೊದಲ್ಲಿ ಕುರ್ತಾ ತೆಗೆದು ಸೀರೆ ಉಡಿಸುವ ಎಡಿಟಿಂಗ್ ಕೆಲಸ ಮುಂಬೈಯಲ್ಲಿ ನನ್ನ ಮೇಜಿಗೂ ಬರುತ್ತದೆ. ನಿಂತ ಮಾಡೆಲ್ ಉಟ್ಟ ಸೀರೆಯನ್ನು ಕತ್ತರಿಸಿ ಅಂಟಿಸಿ, ಅಡ್ಡ ಬಂತೆಂದು ಆರ್ಮ್‌ರೆಸ್ಟ್ ಅಳಿಸುವವರ ಮೇಲೆ ನನ್ನ ತಕರಾರು. ಅಡ್ಡ ಬಂದದ್ದು ಕುರ್ಚಿಯಲ್ಲ ಸ್ವಾಮಿ, ನಿಮ್ಮ ಸೀರೆ.

ಕುಳಿತಾಗ ನೆರಿಗೆ ಸೊಂಟದಿಂದ ನೇರ ಇಳಿಯುವುದಿಲ್ಲ. ತೊಡೆಯ ಮೇಲೆ ಮಲಗಿ, ಮಂಡಿಯಲ್ಲಿ ಬಾಗಿ, ಆಮೇಲೆ ಪಾದದತ್ತ ಬೀಳುತ್ತದೆ. ಪಕ್ಕದ ಬಟ್ಟೆ ಸೀಟಿನ ಮೇಲೆ ಕೂತು, ಸೈಡ್ ಗಾರ್ಡ್‌ನ ಒಳಗೇ ನಿಲ್ಲಬೇಕು. ಚಕ್ರದ ಮೇಲೆ ಚೆಲ್ಲಿದ ಸೆರಗು ಚಿತ್ರದಲ್ಲಿ ಚೆಂದ. ಕುರ್ಚಿ ಉರುಳಿದರೆ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಸೀಟಿಗೆ ತಾಗುವಲ್ಲಿ ತೆಳು ನೆರಳಿಲ್ಲದಿದ್ದರೆ ಸೀರೆ ಗಾಳಿಯಲ್ಲಿ ತೇಲುತ್ತದೆ.

ಅದಕ್ಕೇ ಮೊದಲು ಚಕ್ರ, ಚೌಕಟ್ಟು, ಆರ್ಮ್‌ರೆಸ್ಟ್‌ಗಳನ್ನು ಮಾಸ್ಕ್ ಮಾಡಿ, ಆ ಲೇಯರ್ ಲಾಕ್ ಮಾಡಿ. ಕೆಲಸ ಮುಗಿದ ಮೇಲೆ ಮೂಲ ಫೋಟೊವನ್ನು ಮೇಲಿಟ್ಟು, ಬ್ಲೆಂಡ್ ಮೋಡನ್ನು Difference ಮಾಡಿ ನೋಡಿ. ಸೀರೆ ಮತ್ತು ಅದರ ನೆರಳಿನ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರಬೇಕು. ಚಕ್ರದ ಒಂದು ಕಡ್ಡಿ ಬೆಳ್ಳಗೆ ಮಿನುಗಿದರೂ ನೀವು ಕುರ್ಚಿಯನ್ನು ತಿದ್ದಿದ್ದೀರಿ.

ಕುರ್ಚಿ ಆಕೆಯದು, ಸೀರೆ ನಾವು ತಂದದ್ದು. ಹೊಂದಿಕೊಳ್ಳಬೇಕಾದದ್ದು ಸೀರೆಯೇ.