ಕೆಂಪು ಬಟ್ಟೆಯೇ ಪರವಾನಗಿಯಲ್ಲ: ಹೊರಚಾಚಿದ ಸರಳುಗಳು ಮತ್ತು ಕಾನೂನು

ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಹಳೆಯ ಕಟ್ಟಡಗಳ ಪುನರ್ನಿರ್ಮಾಣ ಎಡೆಬಿಡದೆ ಸಾಗಿದೆ. ನಮ್ಮವರು ವಾಸಿಸುವ ಎಷ್ಟೋ ಸೊಸೈಟಿಗಳ ಆವರಣಕ್ಕೆ ಪ್ರತಿನಿತ್ಯವೂ ಕಬ್ಬಿಣದ ಸರಳುಗಳು ಬಂದು ಬೀಳುತ್ತಿವೆ. ಅವು ಬರುವ ಬಗೆಯನ್ನು ನಾವೆಲ್ಲರೂ ಕಂಡವರೇ. ಚಿಕ್ಕದೊಂದು ಟೆಂಪೋ, ಅದರ ಹಿಂದೆ ಒಂದು ಮಾರಿಗೂ ಮಿಕ್ಕಿ ಚಾಚಿಕೊಂಡ ಸರಳುಗಳ ಕಟ್ಟು, ತುದಿಯಲ್ಲಿ ಬಣ್ಣಗೆಟ್ಟ ಕೆಂಪು ಬಟ್ಟೆಯ ಚೂರು. ಆ ಚೂರು ಇದ್ದರೆ ಎಲ್ಲವೂ ಸಕ್ರಮ ಎಂಬ ನಂಬಿಕೆ ಚಾಲಕರಲ್ಲಿ ಮಾತ್ರವಲ್ಲ, ನಮ್ಮಲ್ಲಿಯೂ ಬೇರೂರಿದೆ. ಕಾನೂನು ಹೇಳುವುದು ಬೇರೆ.

1989ರ ಕೇಂದ್ರೀಯ ಮೋಟಾರು ವಾಹನ ನಿಯಮಗಳ 93ನೆಯ ನಿಯಮವು ವಾಹನಗಳ ಅಳತೆಯನ್ನು ಗೊತ್ತುಪಡಿಸುತ್ತದೆ. ಅಗಲ 2.6 ಮೀಟರ್ ಮೀರಕೂಡದು. ಸರಕು ವಾಹನಗಳ ಎತ್ತರದ ಮಿತಿಯನ್ನು 2020ರ ತಿದ್ದುಪಡಿಯಲ್ಲಿ 4 ಮೀಟರಿಗೆ ಏರಿಸಲಾಯಿತು. ಇದೇ ನಿಯಮವು ಹೊರೆ ಪಕ್ಕಕ್ಕಾಗಲಿ, ಮುಂದಕ್ಕಾಗಲಿ, ಹಿಂದಕ್ಕಾಗಲಿ ವಾಹನದ ದೇಹವನ್ನು ಮೀರಿ ಚಾಚಬಾರದೆಂದೂ ವಿಧಿಸುತ್ತದೆ. ಹಿಂಬದಿಗೆ ಮಾತ್ರ ಒಂದು ವಿನಾಯಿತಿ ಇತ್ತು. ಕಂಬ ಮೊದಲಾದ ಉದ್ದನೆಯ ವಸ್ತುಗಳು ಒಂದು ಮೀಟರಿನವರೆಗೆ ಹೊರಚಾಚಬಹುದಾಗಿತ್ತು. ಈ ವಿನಾಯಿತಿಯ ವಿರುದ್ಧ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 2014ರಲ್ಲಿ ಕೇಂದ್ರ ಸರಕಾರವು ಆ ವಿನಾಯಿತಿಯನ್ನೇ ತೆಗೆದುಹಾಕಿತು. ಅಂದಿನಿಂದ ಹಿಂಬದಿಗೆ ಒಂದು ಗೇಣು ಚಾಚಿದರೂ ತಪ್ಪೇ. ಕೆಂಪು ಬಟ್ಟೆ ಕಟ್ಟಿದರೆ ರಿಯಾಯಿತಿ ಉಂಟು ಎಂಬ ಮಾತು ಈ ನಿಯಮದಲ್ಲಿ ಎಲ್ಲಿಯೂ ಇಲ್ಲ.

2019ರ ಸೆಪ್ಟೆಂಬರ್ 1ರಿಂದ ಶಿಕ್ಷೆಯೂ ಕಠಿಣವಾಗಿದೆ. ಮೋಟಾರು ವಾಹನ ಕಾಯ್ದೆಗೆ ಹೊಸದಾಗಿ ಸೇರಿದ 194(1ಎ) ಕಲಮಿನ ಪ್ರಕಾರ ದಂಡ 20,000 ರೂಪಾಯಿ. ಹೊರೆ ಇಳಿಸುವ ಖರ್ಚು ಬೇರೆ. ಹೊರೆಯನ್ನು ಸರಿಪಡಿಸುವವರೆಗೆ ವಾಹನ ಕದಲುವಂತಿಲ್ಲ. ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಓಡಿಸಿದವನಷ್ಟೇ ಅಲ್ಲ, ಹಾಗೆ ಓಡಿಸಲು ಕಾರಣನಾದವನೂ ಬಿಟ್ಟುಕೊಟ್ಟವನೂ ಈ ಕಲಮಿನ ವ್ಯಾಪ್ತಿಗೆ ಬರುತ್ತಾರೆ. ಒಡೆಯಲಾಗದ ಭಾರೀ ಯಂತ್ರಗಳಂಥ ಹೊರೆಗೆ ಅಧಿಕಾರಿಗಳಿಂದ ಮುಂಚಿತವಾಗಿ ವಿಶೇಷ ಅನುಮತಿ ಪಡೆಯಬಹುದು. ಹಗಲು ಕೆಂಪು ಬಾವುಟ, ಇರುಳು ಕೆಂಪು ದೀಪ ಎಂಬುದಕ್ಕೆ ನಿಜವಾದ ಸ್ಥಾನ ಇರುವುದು ಅಲ್ಲಿ. ಅದು ಅನುಮತಿಯೊಂದಿಗೆ ಬರುವ ಷರತ್ತೇ ಹೊರತು ಅನುಮತಿಗೆ ಬದಲಿಯಲ್ಲ.

ಈ ನಿಯಮ ಇಷ್ಟು ಬಿಗಿಯಾಗಲು ಕಾರಣವೇನೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರಿನ ಮುಂದೆ ಟೆಂಪೋ ನಿಂತಿದೆ ಎಂದುಕೊಳ್ಳೋಣ. ಚಾಲಕ ಎಚ್ಚೆತ್ತು ಬ್ರೇಕ್ ತುಳಿಯುವ ಒಂದು ಸೆಕೆಂಡಿನಲ್ಲಿ ಕಾರು ಸುಮಾರು 17 ಮೀಟರ್ ಸಾಗುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದರೂ ನಿಲ್ಲಲು ಇನ್ನು 20 ಮೀಟರ್ ಬೇಕು. ಅಂದರೆ 37 ಮೀಟರ್ ದೂರದಲ್ಲಿ ಟೆಂಪೋದ ಹಿಂದಿನ ದೀಪವನ್ನು ಕಂಡವನು ಅದಕ್ಕೆ ತಾಗದೆ ನಿಲ್ಲಬಲ್ಲನು. ಆದರೆ ಸರಳುಗಳು ಮೂರು ಮೀಟರ್ ಹೊರಚಾಚಿದ್ದರೆ ಅವುಗಳ ತುದಿಯನ್ನು ಮುಟ್ಟುವ ಹೊತ್ತಿಗೆ ಕಾರಿನ ವೇಗ ಇನ್ನೂ ಗಂಟೆಗೆ 23 ಕಿ.ಮೀ.ನಷ್ಟು ಉಳಿದಿರುತ್ತದೆ. ಚಾಲಕನು ದೂರವನ್ನು ಅಳೆದದ್ದು ದೀಪದಿಂದ, ಎದುರಾದದ್ದು ಮಾತ್ರ ಸರಳು.

ಇಪ್ಪತ್ತಮೂರು ಕಿ.ಮೀ. ವೇಗದಲ್ಲಿ ಕಾರು ಗೋಡೆಗೆ ಗುದ್ದಿದರೆ ಮುಂಭಾಗ ನುಜ್ಜಾಗಿ ಒಳಗಿನವರು ಬದುಕುವ ಸಂಭವವೇ ಹೆಚ್ಚು. ಸರಳಿನ ವಿಷಯ ಹಾಗಲ್ಲ. ಟೆಂಪೋದ ತಳ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುವುದರಿಂದ ಸರಳು ಬಾನೆಟ್ಟಿನ ಮೇಲಿನಿಂದ ಹಾದು ನೇರವಾಗಿ ಗಾಜನ್ನು ಸೇರುತ್ತದೆ. ಬಂಪರು ಯಾವುದಕ್ಕೂ ತಾಗುವುದಿಲ್ಲ. ಏರ್‌ಬ್ಯಾಗ್ ತೆರೆಯುವುದು ಕಾರಿನ ದೇಹ ಥಟ್ಟನೆ ನಿಂತಾಗ. ಗಾಜನ್ನು ತೂರಿ ಬರುವ ಸರಳು ಕಾರನ್ನು ಹಾಗೆ ನಿಲ್ಲಿಸದಿದ್ದರೆ ಏರ್‌ಬ್ಯಾಗ್ ಕೂಡ ತೆರೆಯದೆ ಹೋಗಬಹುದು. ಕಾರಿನ ರಕ್ಷಣಾ ವ್ಯವಸ್ಥೆಯನ್ನು ಬಳಸಿಕೊಂಡು ಬರುವ ಅಪಾಯವಿದು. ದ್ವಿಚಕ್ರ ಸವಾರನಿಗಂತೂ ಅದೇ ಎತ್ತರ ಎದೆಯ ಎತ್ತರ.

ಕೆಂಪು ಬಟ್ಟೆ ಇದನ್ನು ತಡೆಯದೇ? ಹಗಲಲ್ಲಿ ಕೊಂಚ ಸಹಾಯವಾದೀತು. ಸಂಜೆಯಾದೊಡನೆ ಕಣ್ಣು ಎಲ್ಲಕ್ಕಿಂತ ಮೊದಲು ಕಳೆದುಕೊಳ್ಳುವ ಬಣ್ಣವೇ ಕೆಂಪು. ಮಸುಕು ಬೆಳಕಿನಲ್ಲಿ ಅದು ಕಪ್ಪಾಗಿ ತೋರುತ್ತದೆ. ಇನ್ನು ಹಿಂದಿನಿಂದ ನೋಡಿದಾಗ ಸರಳಿನ ಉದ್ದ ಕಾಣಿಸುವುದೇ ಇಲ್ಲ. ಕಾಣುವುದು 12 ಮಿಲಿಮೀಟರಿನ ತುದಿಗಳು, ಕೇವಲ ಚುಕ್ಕೆಗಳು. ತಿರುವಿನಲ್ಲಿ ಇನ್ನೊಂದು ಅಪಾಯವಿದೆ. ಟೆಂಪೋ ಎಡಕ್ಕೆ ತಿರುಗಿದರೆ ಹೊರಚಾಚಿದ ತುದಿ ಬಲಕ್ಕೆ ಬೀಸುತ್ತದೆ. ಪಕ್ಕದ ಸಾಲಿನಲ್ಲಿ ನಿಂತವರಿಗೆ ಅದರ ನಿರೀಕ್ಷೆಯೇ ಇರುವುದಿಲ್ಲ.

ಹೀಗಿದ್ದೂ ಈ ಪದ್ಧತಿ ಏಕೆ ನಿಂತಿಲ್ಲ? ಇದರ ಮೂಲ ಸರಳಿನ ಉದ್ದದಲ್ಲಿದೆ. ಕಾರ್ಖಾನೆಯಿಂದ ಸರಳು ಹೊರಬೀಳುವುದು ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ. ಕಲಂಬೋಲಿಯ ಉಕ್ಕು ಮಾರುಕಟ್ಟೆಯಂಥ ಕಡೆಗೆ ಅದು 40 ಅಡಿಯ ಟ್ರೇಲರಿನಲ್ಲಿ, ಹೊರಚಾಚದೆಯೇ ಬರಬಲ್ಲದು. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ. ಟ್ರೇಲರು ನಮ್ಮ ಗಲ್ಲಿಗಳಲ್ಲಿ ತಿರುಗಲಾರದು, ನಗರದೊಳಗೆ ಭಾರೀ ವಾಹನಗಳಿಗೆ ವೇಳೆಯ ನಿರ್ಬಂಧವೂ ಉಂಟು. ಹಾಗಾಗಿ ಸರಳನ್ನು ನಡುವಿನಲ್ಲಿ ಬಾಗಿಸಿ ಆರು ಮೀಟರಿಗೆ ಇಳಿಸಿ, ಮೂರು ಮೀಟರಿನ ಟೆಂಪೋಗೆ ಏರಿಸುತ್ತಾರೆ. ಉಳಿದ ಮೂರು ಮೀಟರ್ ರಸ್ತೆಯ ಪಾಲು.

ಕತ್ತರಿಸಿ ತರಬಾರದೇಕೆ ಎಂದರೆ ಗುತ್ತಿಗೆದಾರರ ಬಳಿ ಉತ್ತರ ಸಿದ್ಧವಿದೆ. ತುಂಡು ಸರಳುಗಳನ್ನು ಜೋಡಿಸುವಾಗ ಒಂದರ ಮೇಲೊಂದು, ಅದರ ದಪ್ಪದ ಐವತ್ತು ಪಟ್ಟು ಆಸುಪಾಸು ಕೂಡಿಸಬೇಕು. 12 ಮಿ.ಮೀ. ಸರಳಿಗೆ ಪ್ರತಿ ಜೋಡಣೆಗೂ ಸುಮಾರು 600 ಮಿ.ಮೀ. ಕಬ್ಬಿಣ ಹೆಚ್ಚು ಬೇಕಾಗುತ್ತದೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಕಂಬದ ರಿಂಗುಗಳು, ಸ್ಲ್ಯಾಬಿನ ಸರಳುಗಳು ಮೊದಲಾದ ಬಹುಪಾಲು ಕಬ್ಬಿಣವು ಕಟ್ಟಡದ ಜಾಗದಲ್ಲಿ ಹೇಗೂ ಕತ್ತರಿಸಲ್ಪಡುವುದೇ. ಎಂಜಿನಿಯರು ತಯಾರಿಸುವ ಸರಳಿನ ಅಳತೆಪಟ್ಟಿಯಂತೆ ಅದನ್ನು ದಾಸ್ತಾನು ಮಳಿಗೆಯಲ್ಲಿಯೇ ಕತ್ತರಿಸಿ, ಬಾಗಿಸಿ ಕಳಿಸುವ ಏರ್ಪಾಟು ಈಗ ಲಭ್ಯವಿದೆ. ಪೂರ್ಣ ಉದ್ದವೇ ಬೇಕಾದ ಕೆಲವನ್ನು ಮಾತ್ರ ಉದ್ದನೆಯ ವಾಹನದಲ್ಲಿ, ಅನುಮತಿಯಿರುವ ವೇಳೆಯಲ್ಲಿ ತರಿಸಿದರೆ ಸಾಕು.

ಆದ್ದರಿಂದ ನಮ್ಮ ಸೊಸೈಟಿಗಳ ಸಮಿತಿಗಳು ಗುತ್ತಿಗೆ ಪತ್ರದಲ್ಲಿ ಒಂದು ಸಾಲನ್ನು ಸೇರಿಸಬಹುದು: ವಾಹನದ ಹೊರಗೆ ಚಾಚಿದ ಹೊರೆಯನ್ನು ದ್ವಾರದಲ್ಲಿ ಸ್ವೀಕರಿಸಲಾಗುವುದಿಲ್ಲ, ಸಾಗಾಟದ ಹೆಚ್ಚುವರಿ ಖರ್ಚನ್ನು ದರದಲ್ಲಿಯೇ ಕಾಣಿಸತಕ್ಕದ್ದು. ಊರಿನಲ್ಲಿ ಮನೆ ಕಟ್ಟಿಸುತ್ತಿರುವವರಿಗೂ ಇದು ಅನ್ವಯಿಸುತ್ತದೆ. ಆ ಖರ್ಚನ್ನು ನಾವು ಕೊಡದೆ ಉಳಿಸಿದಾಗ ಅದರ ಹೊರೆ ಟೆಂಪೋದ ಹಿಂದೆ ಬರುತ್ತಿರುವ ಯಾರೋ ಅಪರಿಚಿತರ ಮೇಲೆ ಬೀಳುತ್ತದೆ. ಕತ್ತಲಾದ ಮೇಲೆ ಅಂಥ ಟೆಂಪೋದ ಹಿಂದೆ ನಾವೇ ಸಿಕ್ಕಿಕೊಂಡಾಗ ಅದರ ದೀಪವನ್ನು ನಂಬದೆ, ಸರಳಿನ ತುದಿ ಎಲ್ಲಿದೆ ಎಂದು ತಿಳಿಯುವವರೆಗೆ ಹಿಂದೆಯೇ ಉಳಿಯುವುದು ಕ್ಷೇಮ.