ಬಿಸಿಯೂಟದ ಪ್ರಾಜೆಕ್ಟ್: ಅಳೆಯಬೇಕಾದದ್ದು ಏನನ್ನು?

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ನಾನು ಕೊಟ್ಟ ಪ್ರಾಜೆಕ್ಟ್ ವಿಷಯ ‘ಬಿಸಿಯೂಟ ಮತ್ತು ಮಕ್ಕಳ ಬೆಳವಣಿಗೆ’. ಮಕ್ಕಳು ಒಬ್ಬರನ್ನೊಬ್ಬರು ಅಳೆದು, ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬಿಎಂಐ ತೆಗೆದರು. 14 ತುಂಬಿದ ಒಬ್ಬ ಹುಡುಗನ ಎತ್ತರ 1.5 ಮೀಟರ್, ತೂಕ 36 ಕೆ.ಜಿ.; ಬಿಎಂಐ 16. ನಾನು ಹೇಳಿಕೊಟ್ಟಿದ್ದ 18.5ರ ಗಡಿಯಂತೆ ಅವನ ಹೆಸರಿನ ಮುಂದೆ ‘ಅಪೌಷ್ಟಿಕ’ ಎಂದು ಬರೆದರು. ಮರುದಿನ ಅವನು ಊಟದ ಸಾಲಿಗೇ ಬರಲಿಲ್ಲ.

ತಪ್ಪು ನನ್ನದು. 18.5 ವಯಸ್ಕರ ಗಡಿ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಲ್ಲಿ ಆ ವಯಸ್ಸಿನ ಹುಡುಗರಿಗೆ ಕೆಳಗಿನ ಗಡಿ 15.5. ಅವನು ಅದಕ್ಕಿಂತ ಮೇಲಿದ್ದ.

ಗಡಿ ಸರಿಪಡಿಸಿದರೂ ವಿಷಯ ಸರಿಹೋಗದು. ಮನೆಯೂಟ, ಕಾಯಿಲೆ, ಹರೆಯ ಎಲ್ಲವೂ ಬೆಳವಣಿಗೆಯಲ್ಲಿ ಸೇರಿರುವಾಗ, ಒಂದೇ ಸಲದ ಅಳತೆಯಿಂದ ಬಿಸಿಯೂಟದ ಪಾಲು ತಿಳಿಯುವುದಿಲ್ಲ.

ಹಾಗಾಗಿ ಬೇಳೆಯನ್ನೇ ಅಳೆಯಲಿ ಎನ್ನುತ್ತೇನೆ. 6ರಿಂದ 8ನೇ ತರಗತಿಯ ಮಕ್ಕಳಿಗೆ ದಿನಕ್ಕೆ ತಲಾ 30 ಗ್ರಾಂ ಬೇಳೆ ನಿಗದಿಯಾಗಿದೆ. 40 ಮಕ್ಕಳಿಗೆ 1.2 ಕೆ.ಜಿ. ಬೇಯಿಸುವ ಮುನ್ನ ಬೇಳೆ ತೂಗಿ, ಊಟವಾದ ಮೇಲೆ ತಟ್ಟೆಗಳಲ್ಲಿ ಉಳಿದ ಸಾಂಬಾರನ್ನು ಅಳೆದರೆ ಎರಡು ವಾರದಲ್ಲಿ ನಿಜವಾದ ಉತ್ತರ ಸಿಗುತ್ತದೆ. ಅದಕ್ಕಾಗಿ ಯಾವ ಮಗುವೂ ತರಗತಿಯ ಮುಂದೆ ತಕ್ಕಡಿ ಹತ್ತಬೇಕಿಲ್ಲ.